ಐವತ್ನಾಲ್ಕು ಸಾವಿರ ಓಡಿದ ಕಾರು

2023ರಲ್ಲಿ ನಮ್ಮ ಬಾವನಿಗೆ ಸೆಕೆಂಡ್ ಹ್ಯಾಂಡ್ ಕಾರು ನೋಡೋಕೆ ಮೈಸೂರಿಗೆ ಹೋಗಿದ್ದೆವು. 2016ರ ಡೀಸೆಲ್ ಗಾಡಿ. ಮೀಟರ್‌ನಲ್ಲಿ 54,200 ಕಿಲೋಮೀಟರ್. ಬಣ್ಣ ಹೊಳೀತಿತ್ತು, ಸೀಟ್ ಕವರ್ ಹೊಸದು, ಬಾವ ಆಗಲೇ ಮನಸ್ಸು ಕೊಟ್ಟಾಗಿತ್ತು. ಬ್ರೋಕರ್ ಹತ್ತು ಸಾವಿರ ಟೋಕನ್ ಕೇಳಿದರು. ನಾನು ಮಾತ್ರ ಮೊದಲು ಸರ್ವಿಸ್ ಬಿಲ್ ತೋರಿಸಿ ಅಂದೆ.

ಒಂದು ಪ್ಲಾಸ್ಟಿಕ್ ಕವರ್ ಕೊಟ್ಟರು. ಅದರಲ್ಲಿದ್ದ ಬಿಲ್‌ಗಳನ್ನು ಬಾನೆಟ್ ಮೇಲೆ ತಾರೀಕಿನ ಪ್ರಕಾರ ಜೋಡಿಸಿ, ಪ್ರತಿಯೊಂದರ ಮೇಲಿದ್ದ ಕಿಲೋಮೀಟರ್ ಮಾತ್ರ ಫೋನಲ್ಲಿ ಬರೆದುಕೊಂಡೆ. 2017ರ ಮೇನಲ್ಲಿ 16,200. ಮುಂದಿನ ಮೇನಲ್ಲಿ 31,500. 2019ರ ಜೂನ್‌ನಲ್ಲಿ 47,100. ಅಂದರೆ ವರ್ಷಕ್ಕೆ ಸುಮಾರು ಹದಿನೈದು ಸಾವಿರ ಓಡಿಸೋ ಮನುಷ್ಯ. ಆಮೇಲೆ ಮೂರು ವರ್ಷ ಒಂದು ಕಾಗದವೂ ಇಲ್ಲ. ಕೊನೆಗೆ 2022ರ ಆಗಸ್ಟ್‌ನಲ್ಲಿ ಲೋಕಲ್ ಗ್ಯಾರೇಜಿನ ಕೈಬರಹದ ಬಿಲ್, 51,300. "ಕೊರೊನಾ ಟೈಮಲ್ಲಿ ಗಾಡಿ ನಿಂತೇ ಇತ್ತು ಸರ್" ಅಂದರು ಬ್ರೋಕರ್. ಆಗಬಹುದು, ಎಷ್ಟೋ ಗಾಡಿಗಳು ನಿಂತಿದ್ದವು ಅಲ್ವಾ? ಬರೀ ಅಷ್ಟಕ್ಕೇ ಮೀಟರ್ ಹಿಂದಕ್ಕೆ ತಿರುಗಿಸಿದ್ದಾರೆ ಅಂತ ಯಾರ ಮೇಲೂ ಅನುಮಾನ ಪಡೋದು ಸರಿಯಲ್ಲ.

ಬಾನೆಟ್ ಎತ್ತಿದೆ. ಒಳಗೆ ಆಯಿಲ್ ಬದಲಾಯಿಸಿದವರು ಅಂಟಿಸಿದ್ದ ಚಿಕ್ಕ ಸ್ಟಿಕ್ಕರ್ ಇತ್ತು, ಅರ್ಧ ಕಿತ್ತಿದ್ದರು, ಜಿಡ್ಡು ಬೇರೆ. ಬಟ್ಟೆಯಲ್ಲಿ ಒರೆಸಿದಾಗ ಬಾಲ್‌ಪೆನ್ನಲ್ಲಿ ಬರೆದಿದ್ದು ಕಾಣಿಸಿತು. ಮುಂದಿನ ಆಯಿಲ್ ಚೇಂಜ್ 1,02,000ಕ್ಕೆ. ಅಂದರೆ ಹತ್ತು ಸಾವಿರಕ್ಕೊಮ್ಮೆ ಅಂತ ಲೆಕ್ಕ ಹಿಡಿದರೂ, ಆ ಸ್ಟಿಕ್ಕರ್ ಹಚ್ಚಿದ ದಿನವೇ ಗಾಡಿ ತೊಂಬತ್ತೆರಡು ಸಾವಿರ ಓಡಿತ್ತು. ಬಾವನಿಗೆ ತೋರಿಸಿದೆ. ಅವರು ಏನೂ ಮಾತಾಡಲಿಲ್ಲ.

ಆದರೂ ಸ್ಟಿಕ್ಕರ್ ಒಂದನ್ನೇ ನಂಬೋ ಹಾಗಿಲ್ಲ, ಬರೆಯೋರು ತಪ್ಪು ಬರೆದಿರಬಹುದು. ಓನರ್‌ಗೆ ಫೋನ್ ಮಾಡಿಸಿ ಕಂಪನಿ ಸರ್ವಿಸ್ ಸೆಂಟರ್‌ಗೆ ಬರೋಕೆ ಕೇಳಿಕೊಂಡೆ. ಗಾಡಿಯ ಹಿಸ್ಟರಿಯನ್ನು ಅವರು ಸುಮ್ನೆ ಹೊರಗಿನವರಿಗೆ ಕೊಡೋದಿಲ್ಲ, ಓನರ್ ಜೊತೆಗಿದ್ದರೆ ತಕರಾರಿಲ್ಲ. ಪುಣ್ಯಕ್ಕೆ ಅವರು ಬಂದರು. ಗಾಡಿ ನಂಬರ್ ಹಾಕಿದ ತಕ್ಷಣ ಜಾಬ್ ಕಾರ್ಡ್‌ಗಳು ಸಾಲಾಗಿ ಬಂದವು. ಕೊನೆಯದು 2021ರ ಜನವರಿ, 72,860. ಆ ಬಿಲ್ ಕವರ್‌ನಲ್ಲಿ ಇರಲೇ ಇಲ್ಲ. ವರ್ಷಕ್ಕೆ ಹದಿನೈದು ಸಾವಿರದ ಲೆಕ್ಕಕ್ಕೂ ಅದು ಸರಿಯಾಗಿ ಕೂರುತ್ತದೆ.

ಓನರ್ ಎರಡನೆಯವರು, 2022ರಲ್ಲಿ ತಗೊಂಡಿದ್ದರಂತೆ. ಆ ಸಾಲು ನೋಡಿ ಅವರ ಮುಖ ಬಾಡಿತು, ಅವರಿಗೂ ಗೊತ್ತಿರಲಿಲ್ಲ ಅನ್ನಿಸುತ್ತೆ. ಜಾಬ್ ಕಾರ್ಡ್ ಇರೋದು ಕಂಪನಿ ಸೆಂಟರ್‌ಗೆ ಹೋದ ಗಾಡಿಗೆ ಮಾತ್ರ. ಮೊದಲಿನಿಂದ ಹೊರಗಡೆಯೇ ಸರ್ವಿಸ್ ಮಾಡಿಸಿದ್ದರೆ ಈ ಸಾಲೂ ಸಿಗುತ್ತಿರಲಿಲ್ಲ, ಆ ಜಿಡ್ಡು ಸ್ಟಿಕ್ಕರ್ ಒಂದೇ ಗತಿ.

ಬಾವ ಕೀ ವಾಪಸ್ ಕೊಟ್ಟರು. ಟೋಕನ್ ದುಡ್ಡು ಅವರ ಅಂಗಿ ಜೇಬಲ್ಲೇ ಇತ್ತು.