ಕಳೆದುಹೋಗದ ಇಪ್ಪತ್ತು ಚೀಲ

"ಸಿಕ್ಕಾವ ಅನಬ್ಯಾಡ್ರಿ ಸಾಹೇಬ್ರ. ಕಳದಿದ್ದೇ ಇಲ್ಲಲ್ಲ."

ಮಂಗಳವಾರದಿಂದ ಈ ಮಾತು ತಲೆಯಿಂದ ಹೋಗುತ್ತಿಲ್ಲ. ಹೇಳಿದ್ದು ನಮ್ಮ ಹಮಾಲರ ಕಾಕಾ. ಚೀಲದ ಥಪ್ಪಿಯ ಮೇಲೆ ಕೂತು, ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾ, ಸುಮ್ನೆ ಹೇಳಿದ್ದು.

ನಾನಿರುವುದು ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದ ಒಂದು ಬೇಳೆ ಗೋದಾಮಿನಲ್ಲಿ. ಸ್ಟಾಕ್ ಲೆಕ್ಕ ನನ್ನ ಕೆಲಸ. ವರ್ಷಕ್ಕೊಮ್ಮೆ ಗೋದಾಮು ಮುಚ್ಚಿ ಎಲ್ಲ ಎಣಿಸುವುದು ಬೇರೆ. ಅದಲ್ಲದೆ ಪ್ರತಿ ವಾರ ಕೆಲವು ಮಾಲು ಮಾತ್ರ ಎಣಿಸುತ್ತೇವೆ, ಅದೇ ಸೈಕಲ್ ಕೌಂಟ್. ದುಬಾರಿ ಮಾಲಾದ ತೊಗರಿಬೇಳೆಗೆ ತಿಂಗಳಿಗೊಮ್ಮೆ ಸರದಿ ಬರುತ್ತದೆ.

ಮಂಗಳವಾರ ಬೇಳೆಯ ಸರದಿ. 50 ಕೆಜಿ ಚೀಲ. ಒಂದು ಸಾಲಿಗೆ 40, ಎತ್ತರಕ್ಕೆ ಹತ್ತು ಸಾಲು, ಮೇಲೆ ಅರೆಬರೆ ಸಾಲಿನಲ್ಲಿ 30. ಮುಂದಿನ ಮುಖ ನೋಡಿ ಗುಣಿಸಿದರೆ ಸಾಲದು, ನಡುವೆ ಪೊಳ್ಳು ಬಿಟ್ಟು ಥಪ್ಪಿ ಕಟ್ಟಿರುತ್ತಾರೆ ಕೆಲವೊಮ್ಮೆ. ಅದಕ್ಕೇ ಏಣಿ ಹತ್ತಿ ಮೊಬೈಲ್ ಟಾರ್ಚ್ ಬಿಟ್ಟು ನೋಡಿದೆ. ಪೊಳ್ಳಿಲ್ಲ. 430 ಚೀಲ. ಕಂಪ್ಯೂಟರಿನಲ್ಲಿ 410.

ಇಪ್ಪತ್ತು ಜಾಸ್ತಿ! ಸೂಪರ್ವೈಸರ್ ಖುಷಿಯಾಗಿಬಿಟ್ಟ. "ಹೋದ ತಿಂಗಳ ಕಮ್ಮಿ ಬಂದಿದ್ವಲ್ರಿ, ಈಗ ಸಿಕ್ಕಾವ" ಅಂದ. ಅದಕ್ಕೇ ಕಾಕಾ ಹಾಗಂದಿದ್ದು.

ಹೋದ ತಿಂಗಳು ಇದೇ ಬೇಳೆಯಲ್ಲಿ ಇಪ್ಪತ್ತು ಚೀಲ ಕಮ್ಮಿ ಬಂದಿತ್ತು. ಸಾವಿರ ಕೆಜಿ, ನಮ್ಮ ಪುಸ್ತಕದ ದರ ಕೆಜಿಗೆ 110 ರೂಪಾಯಿ. ಅಂದರೆ 1.10 ಲಕ್ಷ. ನಾನು ಸಹಿ ಮಾಡಿ ಸ್ಟಾಕ್ ಇಳಿಸಬಹುದಾದ ಮಿತಿ 60 ಸಾವಿರ. ಅದಕ್ಕೆ ಮೇಲ್ಪಟ್ಟರೆ ಹೆಡ್ ಆಫೀಸಿನ ಅಕೌಂಟ್ಸ್ ಮ್ಯಾನೇಜರ್ ಒಪ್ಪಬೇಕು, ಅವರು ಮರುಎಣಿಕೆ ಕೇಳುತ್ತಾರೆ, ಕಾರಣ ಕೇಳುತ್ತಾರೆ. "ಹತ್ತ್ ಹತ್ತ್ ಎರಡ್ ಎಂಟ್ರಿ ಮಾಡೂಣಲ್ರಿ" ಅಂದ ಸೂಪರ್ವೈಸರ್. ಅವನು ಕೆಟ್ಟವನಲ್ಲ, ಅವಸರದವನು. ಎರಡೂ ಎಂಟ್ರಿಗೆ ಸಹಿ ಹಾಕಿದವನು ನಾನು. ಒಂದೊಂದು 55 ಸಾವಿರ. ಯಾರೂ ಕೇಳಲಿಲ್ಲ.

ಕೇಳದೇ ಇದ್ದದ್ದರ ಬೆಲೆ ಕಾಕಾ ತೆತ್ತ. ಚೀಲ ಹೊರಗೆ ಹೋಗಿದೆ ಅಂತಾಗಿ, ಗೇಟಿನಲ್ಲಿ ಹಮಾಲರ ಬುತ್ತಿಚೀಲ ಬಿಚ್ಚಿಸಿ ನೋಡುವ ಪದ್ಧತಿ ಶುರುವಾಯಿತು. 50 ಕೆಜಿ ಚೀಲವನ್ನು ರೊಟ್ಟಿ ಬುತ್ತಿಯಲ್ಲಿ ಹುಡುಕುತ್ತಿದ್ದೆವು ನೋಡಿ.

ಈ ಸಲ ಎಂಟ್ರಿ ಮಾಡುವ ಮೊದಲು ಹೋದ ತಿಂಗಳ ಎಣಿಕೆಯ ಆಸುಪಾಸಿನ ದಿನಗಳ ವಹಿವಾಟು ತೆಗೆದು ಕೂತೆ. ಹತ್ತು ನಿಮಿಷದ ಕೆಲಸ. ಆ ಶನಿವಾರ ಮಧ್ಯಾಹ್ನ ಪ್ಯಾಕಿಂಗ್ ವಿಭಾಗಕ್ಕೆ ಇಪ್ಪತ್ತು ಚೀಲ ಹೋಗಿತ್ತು. ಅದರ ಚೀಟಿ ಕಂಪ್ಯೂಟರಿಗೆ ಹೋಗದೆ ಪ್ಯಾಕಿಂಗಿನವರ ಟೇಬಲ್ ಗಾಜಿನ ಕೆಳಗೇ ಉಳಿದಿತ್ತು. ಸಂಜೆ ನಾವು ಎಣಿಸಿದೆವು, ಇಪ್ಪತ್ತು ಕಮ್ಮಿ ಬಂತು. ಸೋಮವಾರ ನಾನು ಸ್ಟಾಕ್ ಇಳಿಸಿದೆ. ಮರುದಿನ ಆ ಚೀಟಿಯನ್ನೂ ಕಂಪ್ಯೂಟರಿಗೆ ಹಾಕಿದರು. ಒಂದೇ ಇಪ್ಪತ್ತು ಚೀಲ ಎರಡು ಸಲ ಇಳಿಯಿತು. ಈಗ ಜಾಸ್ತಿ ಬಂದಿದ್ದು ಆ ಎರಡನೇ ಸಲದ್ದು.

ವ್ಯತ್ಯಾಸ ಸರಿಯಾಗಿ ಇಪ್ಪತ್ತು ಅಂತ ಬಂದಾಗಲೇ ನನಗೆ ಹೊಳೆಯಬೇಕಿತ್ತು. ಕದ್ದರೆ, ಹರಿದು ಚೆಲ್ಲಿದರೆ ಮೂರೋ ಏಳೋ ಹೋಗುತ್ತದೆ. ಬೇಳೆ ಒಣಗಿದರೆ ತೂಕ ಇಳಿಯುತ್ತದೆ, ಚೀಲದ ಎಣಿಕೆ ಇಳಿಯುವುದಿಲ್ಲ. ಹೀಗೆ ಹತ್ತು, ಇಪ್ಪತ್ತರಂಥ ಸಂಖ್ಯೆ ಬಂದರೆ ಮೊದಲು ಕಾಗದ ಹುಡುಕಬೇಕು, ಆಮೇಲೆ ಕಳ್ಳನನ್ನು. ಎಣಿಕೆ ಶುರುವಾಗುವ ಮೊದಲೇ ಎಲ್ಲ ವಿಭಾಗದ ಚೀಟಿ ತರಿಸಿಕೊಂಡು ಕೊನೆಯ ಚೀಟಿಯ ನಂಬರ್ ಬರೆದಿಟ್ಟುಕೊಂಡಿದ್ದರೆ ಇದಾವುದೂ ಆಗುತ್ತಿರಲಿಲ್ಲ.

"ಇಪ್ಪತ್ತ್ ಏರಿಸಿಬಿಡ್ರಿ, ವರ್ಷದ ಲೆಕ್ಕದಾಗ ಕಮ್ಮಿ ಜಾಸ್ತಿ ಎರಡೂ ಕೂಡಿ ಸೊನ್ನಿ ಆಗ್ತದ" ಅಂದ ಸೂಪರ್ವೈಸರ್. ನಿಜ, ಸೊನ್ನೆ ಆಗುತ್ತದೆ. ಅದಕ್ಕೇ ಆ ಸೊನ್ನೆ ನನಗೆ ಹಿಡಿಸಲಿಲ್ಲ. ಎರಡು ತಪ್ಪು ಸೇರಿ ಒಂದೂ ತಪ್ಪಿಲ್ಲದ ಹಾಗೆ ಕಾಣುವುದು ಅಲ್ಲೇ ಅಲ್ವಾ? ಗೋದಾಮಿನ ಲೆಕ್ಕ ಎಷ್ಟು ಸರಿಯಿದೆ ಅಂತ ನೋಡಲು ಇಪ್ಪತ್ತು ಮತ್ತು ಇಪ್ಪತ್ತು ಸೇರಿಸಿ ನಲವತ್ತು ಚೀಲದ ತಪ್ಪು ಅಂತಲೇ ಹಿಡಿಯಬೇಕು.

ಹಾಗಾಗಿ ಹೊಸದಾಗಿ ಏರಿಸಲಿಲ್ಲ. ಹಳೆಯ ಎರಡು ಎಂಟ್ರಿಗಳನ್ನೇ, ಅವುಗಳ ನಂಬರ್ ಬರೆದು, ರದ್ದು ಮಾಡಲು ಕೋರಿಕೆ ಕಳಿಸಿದೆ. ಚೀಟಿಯ ಫೋಟೋ ಜೊತೆಗೆ. ಈ ಸಲ ಒಟ್ಟು 1.10 ಲಕ್ಷ, ಮೇಲಿನವರ ಒಪ್ಪಿಗೆಗೇ ಹೋಯಿತು. ಮ್ಯಾನೇಜರ್ ಸಂಜೆ ಫೋನ್ ಮಾಡಿದರು. ಚೀಟಿ ಬಗ್ಗೆ ಏನೂ ಕೇಳಲಿಲ್ಲ.

"ಎರಡು ಎಂಟ್ರಿ ಯಾಕೆ ಮಾಡಿದ್ರಿ?"

"ಸರ್, ಮಿತಿ ದಾಟಬಾರದು ಅಂತ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರೆದು ಕಳಿಸಿ" ಅಂತ ಫೋನ್ ಇಟ್ಟರು. ಬರೆದು ಕಳಿಸಿದೆ. ಬುಧವಾರ ಒಪ್ಪಿಗೆ ಬಂತು, ಸ್ಟಾಕ್ 430ಕ್ಕೆ ನಿಂತಿತು.

ಅವತ್ತು ಸಂಜೆ ಗೇಟಿನ ಹತ್ತಿರ ಬೈಕ್ ತೆಗೆಯುತ್ತಿದ್ದೆ. ಕಾಕಾ ವಾಚ್‌ಮನ್ ಮುಂದೆ ನಿಂತು, ಯಾರೂ ಕೇಳದೆಯೇ ಬುತ್ತಿಚೀಲ ಬಿಚ್ಚುತ್ತಿದ್ದ. ಇನ್ನು ನೋಡಬೇಡ ಅಂತ ವಾಚ್‌ಮನ್‌ಗೆ ಹೇಳುವುದನ್ನು ನಾನು ಮರೆತೇ ಬಿಟ್ಟಿದ್ದೆ.