ಪ್ಲೇಟ್‌ಲೆಟ್ ಸರಿಯಿತ್ತು, ಆದರೂ ಮೈ ನೀಲಿಗಟ್ಟುತ್ತಿತ್ತು

ನಾನು ಮಂಡ್ಯದ ಒಂದು ಚಿಕ್ಕ ರಕ್ತಪರೀಕ್ಷೆ ಲ್ಯಾಬಿನಲ್ಲಿ ಟೆಕ್ನಿಶಿಯನ್. ಮಳೆಗಾಲ ಬಂತೆಂದರೆ ನಮ್ಮಲ್ಲಿ ಬರುವವರ ಬಾಯಲ್ಲಿ ಒಂದೇ ಪದ, ಪ್ಲೇಟ್‌ಲೆಟ್. ಡೆಂಗ್ಯೂ ಬಂದ ಮೇಲೆ ಹಳ್ಳಿಯ ಅಜ್ಜಿಯರಿಗೂ ಆ ಪದ ಗೊತ್ತು. ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆ ಕಂಡರೂ ಮೊದಲು ಕೇಳುವುದು ಅದನ್ನೇ. ನಾನೂ ಹಾಗೇ ಯೋಚಿಸುತ್ತಿದ್ದೆ. ಎರಡು ವರ್ಷದ ಹಿಂದೆ ಬಂದ ಒಬ್ಬ ಹೆಂಗಸಿನಿಂದ ಅದು ಬದಲಾಯಿತು.

ವಯಸ್ಸು ಐವತ್ತರ ಆಸುಪಾಸು. ಕೈಯಲ್ಲಿ ರಕ್ತಕಣಗಳನ್ನು ಎಣಿಸುವ ಸಿಬಿಸಿ ಪರೀಕ್ಷೆ ಮಾಡಿಸಲು ಡಾಕ್ಟರ್ ಬರೆದ ಚೀಟಿ ಇತ್ತು. ರಕ್ತ ತೆಗೆಯಲು ಸೆರಗು ಸರಿಸಿದಾಗ ಮೊಣಕೈ ಮೇಲೆ ಅಂಗೈಯಗಲದ ಕಲೆ ಕಂಡಿತು. ಅಂಚು ಹಳದಿ, ಒಳಗೆ ಹಸಿರು.

"ಎಲ್ಲಿ ಬಡಿಸಿಕೊಂಡ್ರಿ ಅಕ್ಕ?" ಎಂದೆ.

"ಎಲ್ಲೂ ಇಲ್ಲ ಕಣವ್ವ. ನಿದ್ದೆಗಣ್ಣಲ್ಲಿ ಮಂಚಕ್ಕೆ ತಗುಲಿರ್ಬೇಕು."

ಸಂಜೆ ರಿಪೋರ್ಟ್ ಬಂತು. ಪ್ಲೇಟ್‌ಲೆಟ್ 2,30,000. ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದ ತನಕ ಸಾಮಾನ್ಯ, ಹಾಗಾಗಿ ಏನೂ ತೊಂದರೆ ಇಲ್ಲ ಅನಿಸಿತು. "ಪ್ಲೇಟ್‌ಲೆಟ್ ಚೆನ್ನಾಗಿದೆ. ಕಲೆ ಹಳದಿಗೆ ತಿರುಗಿದೆ ಅಂದರೆ ವಾಸಿ ಆಗ್ತಿದೆ, ಹೆದರಬೇಡಿ" ಎಂದು ಹೇಳಿ ಕಳಿಸಿದೆ. ಆ ಮಾತು ಹೇಳಬಾರದಿತ್ತು. ರಿಪೋರ್ಟ್ ಕೊಡುವುದಷ್ಟೇ ನನ್ನ ಕೆಲಸ. ಅದಕ್ಕಿಂತ ಹೆಚ್ಚಾಗಿ, ನಾನು ಒಂದು ಕಲೆ ನೋಡಿದ್ದೆ, ಉಳಿದ ಮೈ ನೋಡಿರಲಿಲ್ಲ.

ಮೂರು ದಿನ ಬಿಟ್ಟು ಮಗನ ಜೊತೆ ಮತ್ತೆ ಬಂದರು. ನಾನು ಸೂಜಿ ಚುಚ್ಚಿದ ಜಾಗದಿಂದ ಕೆಳಗೆ, ಮುಂಗೈ ಅರ್ಧದವರೆಗೆ ಕಡು ನೇರಳೆ ಬಣ್ಣ ಹರಡಿತ್ತು. ಕಳಿತ ನೇರಳೆ ಹಣ್ಣು ಹಿಸುಕಿ ಬಳಿದ ಹಾಗೆ. ಒಂದು ಸಲ ಚುಚ್ಚಿದ್ದಕ್ಕೆ ಇಷ್ಟು ಆಗುವುದಿಲ್ಲ. ಒಳಗೆ ಕರೆದುಕೊಂಡು ಹೋಗಿ ಪರದೆ ಎಳೆದು ಕಾಲು ನೋಡಿದೆ. ಎಡತೊಡೆಯಲ್ಲಿ ತಟ್ಟೆಯಗಲ ಹೊಸ ನೀಲಿ, ಮುಟ್ಟಿದರೆ ಗಟ್ಟಿ. ಬಲ ಮೀನಖಂಡದಲ್ಲಿ ಹಸಿರು. ಸೊಂಟದ ಹತ್ತಿರ ಮಾಸುತ್ತಿರುವ ಕಂದು.

ಇಲ್ಲಿ ಬಣ್ಣದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಚರ್ಮದ ಕೆಳಗಿನ ಸಣ್ಣ ರಕ್ತನಾಳ ಒಡೆದಾಗ ರಕ್ತ ಹೊರಗೆ ಬಂದು ಮಾಂಸದ ನಡುವೆ ನಿಲ್ಲುತ್ತದೆ. ಮೊದಲು ಕೆಂಪಗೆ ಕಾಣುತ್ತದೆ, ಬೇಗನೆ ನೀಲಿ ಇಲ್ಲವೇ ನೇರಳೆಯಾಗುತ್ತದೆ. ಅಲ್ಲಿ ನಿಂತ ರಕ್ತವನ್ನು ತಿಂದು ಚೊಕ್ಕ ಮಾಡಲು ದೇಹದ ಜೀವಕೋಶಗಳು ಬರುತ್ತವೆ. ಅವು ಹಿಮೋಗ್ಲೋಬಿನ್ ಒಡೆದಾಗ ಮೊದಲು ಬಿಲಿವರ್ಡಿನ್ ಆಗುತ್ತದೆ, ಅದರ ಬಣ್ಣ ಹಸಿರು. ಅದು ಬಿಲಿರುಬಿನ್ ಆಗುತ್ತದೆ, ಅದರ ಬಣ್ಣ ಹಳದಿ. ಕಾಮಾಲೆಯಲ್ಲಿ ಕಣ್ಣು ಹಳದಿಯಾಗುವುದೂ ಇದೇ ಬಿಲಿರುಬಿನ್‌ನಿಂದ. ಉಳಿದ ಕಬ್ಬಿಣದ ಅಂಶ ಕಂದು ಕಲೆಯಾಗಿ ಕೆಲವರಲ್ಲಿ ತಿಂಗಳುಗಟ್ಟಲೆ ನಿಲ್ಲುತ್ತದೆ. ಸಾಮಾನ್ಯ ಪೆಟ್ಟಿನ ಕಲೆ ಎರಡು ವಾರದ ಆಸುಪಾಸಿನಲ್ಲಿ ಮಾಸುತ್ತದೆ.

ಆದರೆ ಬಣ್ಣ ನೋಡಿ "ಇದು ನಾಲ್ಕು ದಿನದ್ದು, ಅದು ಆರು ದಿನದ್ದು" ಎಂದು ಲೆಕ್ಕ ಹೇಳಲು ಆಗುವುದಿಲ್ಲ. ಒಂದೇ ಕಲೆಯಲ್ಲಿ ಮೂರು ಬಣ್ಣ ಇರಬಹುದು. ಕಣ್ಣಿನ ಕೆಳಗಿನ ಸಡಿಲ ಚರ್ಮದಲ್ಲಿ ಬಣ್ಣ ಬೇಗ ತಿರುಗುತ್ತದೆ, ತೊಡೆಯ ಆಳದ ರಕ್ತ ಮೇಲೆ ಕಾಣಿಸುವುದಕ್ಕೇ ದಿನ ಹಿಡಿಯುತ್ತದೆ. ರಕ್ತ ಕೆಳಗೆ ಇಳಿಯುತ್ತದೆ ಕೂಡ, ತೊಡೆಗೆ ಆದದ್ದು ಮೊಣಕಾಲ ಹತ್ತಿರ ಕಾಣಬಹುದು. ನಮ್ಮಂಥ ಕಂದು, ಕಪ್ಪು ಮೈಬಣ್ಣದವರಲ್ಲಿ ಎಷ್ಟೋ ಸಲ ಹಳದಿ ಸರಿಯಾಗಿ ಕಾಣುವುದಿಲ್ಲ. ಟ್ಯೂಬ್‌ಲೈಟ್ ಕೆಳಗೆ ನೋಡುವುದಕ್ಕಿಂತ ಕಿಟಕಿ ಹತ್ತಿರ ಬಿಸಿಲಿನ ಬೆಳಕಲ್ಲಿ ನೋಡಬೇಕು, ಕೈಯಿಂದ ಮುಟ್ಟಿ ಗಂಟು ಇದೆಯಾ ನೋಡಬೇಕು. ದಿನ ಎಣಿಸಲು ಆಗದಿದ್ದರೂ ಒಂದು ವಿಷಯ ಅಂದಾಜಿಗೆ ಸಿಗುತ್ತದೆ. ಹಳದಿ ಬಂದಿದ್ದರೆ ಅದು ಗಂಟೆಗಳ ಹಿಂದಿನದಲ್ಲ, ಕಡಿಮೆ ಅಂದರೂ ಸುಮಾರು ಒಂದು ದಿನದ್ದು. ಆ ಅಕ್ಕನ ಮೈಮೇಲೆ ಕಂದು, ಹಸಿರು, ಹೊಸ ನೀಲಿ ಬೇರೆ ಬೇರೆ ಜಾಗದಲ್ಲಿ ಒಟ್ಟಿಗೇ ಇದ್ದವು. ಹಳೆಯದು ಮಾಸುವ ಮೊದಲೇ ಹೊಸದು ಬರುತ್ತಿತ್ತು. ನಾನು ಮೊದಲ ದಿನ ಹಳದಿ ಕಲೆ ನೋಡಿ ಸಮಾಧಾನ ಹೇಳಿದ್ದು ಅದಕ್ಕೇ ತಪ್ಪು.

ಕಾಲಿನ ಮೇಲೆ ಸಾಸಿವೆಗಿಂತ ಚಿಕ್ಕ ಕೆಂಪು ಚುಕ್ಕೆ ಇದೆಯಾ ಎಂದೂ ಹುಡುಕಿದೆ. ಪ್ಲೇಟ್‌ಲೆಟ್ ತೀರಾ ಕಮ್ಮಿಯಾದಾಗ ಮೊಣಕಾಲಿನ ಕೆಳಗೆ ಅಂಥ ಚುಕ್ಕೆಗಳು ಗುಂಪುಗುಂಪಾಗಿ ಕಾಣುತ್ತವೆ. ಗಾಜಿನ ಲೋಟ ಒತ್ತಿ ನೋಡಿದರೂ ಬಣ್ಣ ಹೋಗುವುದಿಲ್ಲ. ಇವರಿಗೆ ಒಂದೂ ಇರಲಿಲ್ಲ. ಇದ್ದದ್ದೆಲ್ಲ ದೊಡ್ಡದು, ಆಳದ್ದು. ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳು ಕೈಕೊಟ್ಟಾಗ ಹೆಚ್ಚಾಗಿ ಹೀಗೆ ಕಾಣುತ್ತದೆ. ಒಡೆದ ನಾಳಕ್ಕೆ ಪ್ಲೇಟ್‌ಲೆಟ್ ಬಂದು ತಕ್ಷಣಕ್ಕೆ ಅಡ್ಡ ನಿಲ್ಲುತ್ತದೆ, ಅದನ್ನು ಬಲೆಯಂತೆ ಬಿಗಿದು ಕಟ್ಟುವುದು ಆ ಪ್ರೋಟೀನ್‌ಗಳು. ಸಿಬಿಸಿ ಎಣಿಸುವುದು ಮೊದಲನೆಯದನ್ನು ಮಾತ್ರ. ಎರಡನೆಯದರ ಬಗ್ಗೆ ಅದು ಏನೂ ಹೇಳುವುದಿಲ್ಲ.

"ಅಕ್ಕ, ದಿನಾ ಯಾವ ಮಾತ್ರೆ ತಗೋತೀರಿ?" ಎಂದು ಆಗ ಕೇಳಿದೆ. ಮಗ ಚೀಲದಿಂದ ಒಂದೊಂದೇ ಹೊರಗಿಟ್ಟ. ಬಿಪಿ ಮಾತ್ರೆ. ವಾರ್ಫರಿನ್. ಆರು ವರ್ಷದ ಹಿಂದೆ ಹೃದಯದ ಮೈಟ್ರಲ್ ವಾಲ್ವ್ ಬದಲಾಯಿಸಿ ಲೋಹದ ವಾಲ್ವ್ ಹಾಕಿದ್ದರಂತೆ. ಅಂಥವರು ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟದಂತೆ ಜೀವನಪೂರ್ತಿ ವಾರ್ಫರಿನ್ ನುಂಗಬೇಕು. ಚೀಲದ ತಳದಲ್ಲಿ ಖಾಲಿಯಾದ ಇನ್ನೊಂದು ಪಟ್ಟಿ ಇತ್ತು, ಮೆಟ್ರೊನಿಡಜೋಲ್.

"ಇದ್ಯಾಕೆ?"

"ಬೀಗರೂಟಕ್ಕೆ ಹೋಗಿದ್ವಿ. ಬಂದ್ಮೇಲೆ ಭೇದಿ ಹಿಡ್ಕಳ್ತು. ಮೆಡಿಕಲ್ಲಿಂದ ತಂದುಕೊಟ್ಟ ಇವ್ನು. ಐದು ದಿನ ನುಂಗ್ದೆ."

"ಊಟ?"

"ಎಲ್ಲಿ ಸೇರ್ತದೆ ಕಣವ್ವ, ಗಂಜಿ ಅಷ್ಟೆ. ಸೊಪ್ಪು ಬಸ್ಸಾರು ಮುಟ್ಟೇ ಇಲ್ಲ."

ಮಾತಿನಲ್ಲೇ ಉತ್ತರ ಇತ್ತು. ವಾರ್ಫರಿನ್ ಕೆಲಸ ಮಾಡುವುದು ವಿಟಮಿನ್ ಕೆ ಬಳಕೆಯನ್ನು ತಡೆದು. ಲಿವರ್ ಕೆಲವು ಹೆಪ್ಪುಗಟ್ಟಿಸುವ ಪ್ರೋಟೀನ್ ತಯಾರಿಸಲು ಆ ವಿಟಮಿನ್ ಬೇಕು. ನಾವು ತಿನ್ನುವ ಹಸಿರು ಸೊಪ್ಪಿನಲ್ಲಿ ಅದು ಜಾಸ್ತಿ ಇರುತ್ತದೆ. ದಿನಾ ಸೊಪ್ಪು ತಿನ್ನುವವರಿಗೆ ಡಾಕ್ಟರ್ ಆ ಊಟಕ್ಕೆ ಹೊಂದುವ ಡೋಸ್ ಕಟ್ಟಿರುತ್ತಾರೆ. ಸೊಪ್ಪು ಏಕಾಏಕಿ ನಿಂತರೆ ಅದೇ ಡೋಸ್ ಜಾಸ್ತಿಯಾಗುತ್ತದೆ. ಅದರ ಮೇಲೆ ಮೆಟ್ರೊನಿಡಜೋಲ್. ವಾರ್ಫರಿನ್ ಅನ್ನು ಲಿವರ್ ಕರಗಿಸಿ ಹೊರಹಾಕುವ ದಾರಿಯನ್ನೇ ಅದು ಕಟ್ಟಿಹಾಕುತ್ತದೆ. ಒಂದೇ ಮಾತ್ರೆ ನುಂಗಿದರೂ ಮೈಯಲ್ಲಿ ಎರಡು ಮಾತ್ರೆಯಷ್ಟು ಕೂತಂತೆ. ಇದು ಅದೇ ದಿನ ಗೊತ್ತಾಗುವುದಿಲ್ಲ. ಮೊದಲೇ ತಯಾರಾಗಿದ್ದ ಪ್ರೋಟೀನ್ ಖರ್ಚಾಗಲು ದಿನಗಳು ಬೇಕು, ಆಮೇಲೆ ಕಲೆ ಶುರುವಾಗುತ್ತದೆ. ಅಷ್ಟು ಹೊತ್ತಿಗೆ ಭೇದಿ ನಿಂತಿರುತ್ತದೆ, ಆ ಮಾತ್ರೆ ಯಾರಿಗೂ ನೆನಪಿರುವುದಿಲ್ಲ.

ಚೀಟಿ ಬರೆದಿದ್ದ ಡಾಕ್ಟರ್‌ಗೆ ಫೋನ್ ಮಾಡಿದೆ. ವಾಲ್ವ್ ವಿಷಯ ಅವರಿಗೆ ಗೊತ್ತಿರಲಿಲ್ಲ, ಅಕ್ಕ ಕೈ ಮಾತ್ರ ತೋರಿಸಿದ್ದರು. "ಈಗಲೇ ಪಿಟಿ ಐಎನ್‌ಆರ್ ಮಾಡಿ" ಎಂದರು.

ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡುವ ಈ ಪರೀಕ್ಷೆಗೆ ನೀಲಿ ಮುಚ್ಚಳದ ಟ್ಯೂಬ್. ಒಳಗೆ ಸಿಟ್ರೇಟ್ ದ್ರವ ಇರುತ್ತದೆ, ಅದರ ಒಂದು ಪಾಲಿಗೆ ರಕ್ತ ಒಂಬತ್ತು ಪಾಲು ಬೀಳಬೇಕು. ಗೆರೆಯವರೆಗೆ ತುಂಬದಿದ್ದರೆ ಸಿಟ್ರೇಟ್ ಜಾಸ್ತಿಯಾಗಿ ರಕ್ತ ತೆಳುವಾಗಿದೆ ಎಂಬ ಸುಳ್ಳು ಫಲಿತಾಂಶ ಬರುತ್ತದೆ. ಗೆರೆ ಮುಟ್ಟುವವರೆಗೆ ತುಂಬಿ, ನಿಧಾನವಾಗಿ ಮೂರು ನಾಲ್ಕು ಸಲ ತಲೆಕೆಳಗು ಮಾಡಿದೆ. ಚುಚ್ಚಿದ ಜಾಗವನ್ನು ಗಡಿಯಾರ ನೋಡಿಕೊಂಡು ಹತ್ತು ನಿಮಿಷ ಒತ್ತಿ ಹಿಡಿದೆ.

ಆರೋಗ್ಯವಂತರ ಪ್ಲಾಸ್ಮಾ ಈ ಪರೀಕ್ಷೆಯಲ್ಲಿ ಸುಮಾರು 12 ಸೆಕೆಂಡಿಗೆ ಹೆಪ್ಪುಗಟ್ಟುತ್ತದೆ. ಇವರದ್ದು 85 ಸೆಕೆಂಡು. ಆ ಹೊತ್ತನ್ನು ಆರೋಗ್ಯವಂತರದ್ದಕ್ಕೆ ಹೋಲಿಸಿ ಲೆಕ್ಕಹಾಕಿದ ಅಂಕಿಯೇ ಐಎನ್‌ಆರ್, ಅದು 8.6. ವಾರ್ಫರಿನ್ ಇಲ್ಲದವರಿಗೆ ಇದು 1ರ ಆಸುಪಾಸು, ಇವರಂಥ ವಾಲ್ವ್ ಇದ್ದವರಿಗೆ ಸಾಮಾನ್ಯವಾಗಿ 2.5ರಿಂದ 3.5ರ ನಡುವೆ ಇಡುತ್ತಾರೆ. ಕೈ ನಡುಗಿತು. ಟ್ಯೂಬಲ್ಲಿ ಗಡ್ಡೆ ಕಟ್ಟಿದೆಯಾ ಎಂದು ಕಡ್ಡಿ ಹಾಕಿ ನೋಡಿದೆ, ಇರಲಿಲ್ಲ. ಫಲಿತಾಂಶ ಮೊದಲೇ ಗೊತ್ತಿರುವ ಕಂಟ್ರೋಲ್ ಸ್ಯಾಂಪಲ್ ಓಡಿಸಿದೆ, ಸರಿ ಬಂತು. ಇವರದ್ದನ್ನು ಮತ್ತೆ ಓಡಿಸಿದೆ, 8.4. ಪ್ರಿಂಟ್‌ಗೆ ಕಾಯದೆ ಡಾಕ್ಟರ್‌ಗೆ ಬಾಯಲ್ಲೇ ಹೇಳಿದೆ.

ಮಗ ಅಷ್ಟೊತ್ತಿಗೆ, "ಹಾಗಾದ್ರೆ ಆ ಮಾತ್ರೆ ಪೂರ್ತಿ ಬಿಟ್ಟುಬಿಡ್ಲಾ ಮೇಡಮ್?" ಎಂದ. ಇದು ಕೇಳಲು ಸಹಜ, ಆದರೆ ದೊಡ್ಡ ಅಪಾಯ. ವಾರ್ಫರಿನ್ ಪೂರ್ತಿ ಬಿಟ್ಟರೆ ವಾಲ್ವ್ ಮೇಲೆ ಗಡ್ಡೆ ಕಟ್ಟಿ ಪಾರ್ಶ್ವವಾಯು ಹೊಡೆಯಬಹುದು. ಎಷ್ಟು ದಿನ ನಿಲ್ಲಿಸಬೇಕು, ವಿಟಮಿನ್ ಕೆ ಕೊಡಬೇಕಾ, ಕೊಟ್ಟರೆ ಎಷ್ಟು, ಇದನ್ನೆಲ್ಲ ಡಾಕ್ಟರ್ ಮಾತ್ರ ತೂಗಿ ನೋಡಿ ಹೇಳಬೇಕು. ತಲೆನೋವು, ವಾಂತಿ, ಕರಿ ಮಲ, ಕೆಂಪು ಮೂತ್ರ ಇದೆಯಾ ಎಂದು ಡಾಕ್ಟರ್ ಫೋನಲ್ಲೇ ಒಂದೊಂದಾಗಿ ಕೇಳಿಸಿದರು. ಅಂಥದ್ದು ಇರಲಿಲ್ಲ, ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ಮಾತ್ರ. ಅದೇ ಮಧ್ಯಾಹ್ನ ಮೈಸೂರಿಗೆ ಕಳಿಸಿದರು. ಅಲ್ಲಿ ಅಡ್ಮಿಟ್ ಮಾಡಿಕೊಂಡು ವಾರ್ಫರಿನ್ ತಡೆಹಿಡಿದು, ದಿನಾ ಐಎನ್‌ಆರ್ ನೋಡುತ್ತಾ ಇಳಿಸಿ, ಮತ್ತೆ ಮಾತ್ರೆ ಶುರು ಮಾಡಿ ಕಳಿಸಿದರು.

ಇದನ್ನು ಓದಿ ತೊಡೆಯ ಮೇಲಿನ ಒಂದು ಚಿಕ್ಕ ಕಲೆಗೆ ಯಾರೂ ಗಾಬರಿಯಾಗಬೇಡಿ. ಹೆಂಗಸರಿಗೆ ತೊಡೆಯಲ್ಲಿ, ವಯಸ್ಸಾದವರಿಗೆ ಮುಂಗೈಯ ತೆಳು ಚರ್ಮದಲ್ಲಿ ಸುಮ್ನೆ ತಗುಲಿದ್ದಕ್ಕೂ ನೀಲಿಗಟ್ಟುತ್ತದೆ. ಹೊಟ್ಟೆ, ಬೆನ್ನು, ಎದೆಯಂಥ ಏನೂ ತಗುಲದ ಕಡೆ ದೊಡ್ಡ ಕಲೆ ಬಂದರೆ, ಒಂದು ಮಾಸುವ ಮೊದಲು ಇನ್ನೊಂದು ಬರುತ್ತಿದ್ದರೆ, ಜೊತೆಗೆ ವಸಡು, ಮೂಗು ಅಥವಾ ಮುಟ್ಟಿನ ರಕ್ತ ನಿಲ್ಲದಿದ್ದರೆ ತಡ ಮಾಡದೆ ತೋರಿಸಬೇಕು. ಪ್ಲೇಟ್‌ಲೆಟ್, ಐಎನ್‌ಆರ್ ಎರಡೂ ಸರಿ ಇದ್ದರೂ ಕೆಲವು ತೊಂದರೆ ಉಳಿದಿರುತ್ತವೆ. ಆಸ್ಪಿರಿನ್ ನುಂಗುವವರ ಪ್ಲೇಟ್‌ಲೆಟ್ ಎಣಿಕೆಯಲ್ಲಿ ಸರಿಯಿದ್ದು ಕೆಲಸದಲ್ಲಿ ಮಂಕಾಗಿರುತ್ತದೆ. ಹುಟ್ಟಿನಿಂದ ಬರುವ ವಾನ್ ವಿಲ್ಲೆಬ್ರಾಂಡ್ ಕಾಯಿಲೆಗೆ ಬೇರೆಯೇ ಪರೀಕ್ಷೆ ಬೇಕು.

ಈಗ ಕಲೆ ಎಂದು ಯಾರೇ ಬಂದರೂ ಫಾರಂನ ಮೂಲೆಯಲ್ಲಿ, ಕಳೆದ ಎರಡು ವಾರದಲ್ಲಿ ನುಂಗಿದ ಎಲ್ಲ ಮಾತ್ರೆ, ನಾಟಿ ಔಷಧಿ ಸೇರಿಸಿ, ಬರೆದುಕೊಂಡು ಡಾಕ್ಟರ್‌ಗೆ ಕಳಿಸುತ್ತೇನೆ. ಆ ಅಕ್ಕ ಪ್ರತಿ ತಿಂಗಳು ಐಎನ್‌ಆರ್‌ಗೆ ನಮ್ಮಲ್ಲಿಗೇ ಬರುತ್ತಾರೆ. ಕಳೆದ ಸಲ 2.9 ಇತ್ತು. ಹೋಗುವಾಗ ಸೆರಗಿನ ಗಂಟು ಬಿಚ್ಚಿ ಹಲ್ಲುನೋವಿಗೆ ಅಂಗಡಿಯವರು ಕೊಟ್ಟಿದ್ದ ಎರಡು ಮಾತ್ರೆ ನನ್ನ ಮೇಜಿನ ಮೇಲಿಟ್ಟರು.

"ಇನ್ನೂ ನುಂಗಿಲ್ಲ ಕಣವ್ವ. ಡಾಕ್ಟ್ರಿಗೆ ಒಂದ್ಸಲ ಕೇಳ್ಬುಡು."

ಫೋನ್ ತೆಗೆದುಕೊಂಡೆ.