ವಾಷಿಂಗ್ ಮಷಿನ್ನಿಗೆ ಮೈಕ್ರೋಕಂಟ್ರೋಲರೇ ಯಾಕೆ?

"ಮೈಕ್ರೋಪ್ರೊಸೆಸರ್, ಮೈಕ್ರೋಕಂಟ್ರೋಲರ್ ಎರಡೂ ಒಂದೇ ಅಲ್ವಾ? ವಾಷಿಂಗ್ ಮಷಿನ್ನಿಗೆ ಲ್ಯಾಪ್‌ಟಾಪಿನ ಪ್ರೊಸೆಸರನ್ನೇ ಹಾಕಿದ್ರೆ ಇನ್ನೂ ಚೆನ್ನಾಗಿರ್ತಿತ್ತಲ್ಲ ಮಾರಾಯ್ರೆ?"

ಒಂದೇ ಅಲ್ಲ. ಲೆಕ್ಕ ಮಾಡುವ ಭಾಗ ಎರಡರಲ್ಲೂ ಇದೆ, ಆದರೆ ಮೈಕ್ರೋಪ್ರೊಸೆಸರಿನಲ್ಲಿ ಮುಖ್ಯವಾಗಿ ಇರುವುದು ಅಷ್ಟೇ. ಡಿಪ್ಲೊಮಾ ಓದಿದವರು ಲ್ಯಾಬಿನಲ್ಲಿ 8085 ಕಿಟ್ ನೋಡಿರುತ್ತೀರಿ. ಇಂಟೆಲ್ 1976ರಲ್ಲಿ ತಂದ ಮೈಕ್ರೋಪ್ರೊಸೆಸರ್ ಅದು. ಆ ಚಿಪ್ ಒಂದನ್ನೇ ಇಟ್ಟುಕೊಂಡು ಏನೂ ಮಾಡಲು ಬರುವುದಿಲ್ಲ. ಪ್ರೋಗ್ರಾಮ್ ಇಡಲು ಬೇರೆ ಚಿಪ್ ಬೇಕು, ರ್‍ಯಾಮಿಗೆ ಬೇರೆ, ಹೊರಗಿನ ಸ್ವಿಚ್ಚು ದೀಪಗಳನ್ನು ಜೋಡಿಸಲು 8255 ಅಂತ ಮತ್ತೊಂದು. ಅದೇ ಕಂಪನಿ 1980ರಲ್ಲಿ ತಂದ 8051 ಮೈಕ್ರೋಕಂಟ್ರೋಲರ್. ಪ್ರೋಗ್ರಾಮಿಗೆ 4 ಕಿಲೋಬೈಟ್ ಜಾಗ, 128 ಬೈಟ್ ರ್‍ಯಾಮ್, ಎರಡು ಟೈಮರ್, ಹೊರಗಿನ ಸಾಮಾನು ಜೋಡಿಸಲು 32 ಪಿನ್, ಎಲ್ಲ ಒಂದೇ ಚಿಪ್ಪಿನೊಳಗೆ.

ರ್‍ಯಾಮ್ ಇಷ್ಟು ಕಡಿಮೆ ಅಂತ ನಗಬೇಡಿ. ಬಟ್ಟೆ ಒಗೆಯಲು ದೊಡ್ಡ ಲೆಕ್ಕ ಬೇಕಿಲ್ಲ. ಬೇಕಾದದ್ದು ಹೊತ್ತಿಗೆ ಸರಿಯಾಗಿ ಕೆಲಸ ಆಗುವುದು.

ಕಾರ್ಬನ್ ಬ್ರಶ್ ಇರುವ ಫ್ರಂಟ್ ಲೋಡ್ ಮಷಿನ್ನಿನ ಮೋಟಾರನ್ನೇ ತಗೊಳ್ಳಿ. ಒಗೆಯುವಾಗ ಡ್ರಮ್ ನಿಧಾನ ತಿರುಗಬೇಕು, ಹಿಂಡುವಾಗ ಜೋರಾಗಿ. ಮನೆಗೆ ಬರುವ ಕರೆಂಟ್ 50 ಹರ್ಟ್ಸ್, ಅಂದರೆ 10 ಮಿಲಿಸೆಕೆಂಡಿಗೊಮ್ಮೆ ವೋಲ್ಟೇಜ್ ಸೊನ್ನೆಗೆ ಇಳಿಯುತ್ತದೆ. ಕಂಟ್ರೋಲರಿನ ಒಂದು ಪಿನ್ ಆ ಸೊನ್ನೆಯನ್ನೇ ಕಾಯುತ್ತಿರುತ್ತದೆ. ಅದು ಸಿಕ್ಕಿದ ಕೂಡಲೇ ಟೈಮರ್ ಶುರು. 7 ಮಿಲಿಸೆಕೆಂಡ್ ಬಿಟ್ಟು ಟ್ರಯಾಕ್ ಅನ್ನುವ ಎಲೆಕ್ಟ್ರಾನಿಕ್ ಸ್ವಿಚ್ಚಿಗೆ ಸಣ್ಣ ಪಲ್ಸ್ ಕೊಟ್ಟರೆ ಉಳಿದ ಸುಮಾರು 3 ಮಿಲಿಸೆಕೆಂಡ್ ಮಾತ್ರ ಮೋಟಾರಿಗೆ ಕರೆಂಟ್, ಡ್ರಮ್ ನಿಧಾನ. 2ಕ್ಕೇ ಪಲ್ಸ್ ಕೊಟ್ಟರೆ ಕರೆಂಟ್ ಜಾಸ್ತಿ, ಡ್ರಮ್ ಜೋರು. ಕರೆಂಟ್ ಸೊನ್ನೆಗೆ ಬಂದಾಗ ಟ್ರಯಾಕ್ ತಾನೇ ಆಫ್ ಆಗುತ್ತದೆ. ಮತ್ತೆ ಮೊದಲಿಂದ, ಸೆಕೆಂಡಿಗೆ 100 ಸಲ.

ಮೋಟಾರಿನ ಹಿಂಬದಿಯಲ್ಲಿ ಟ್ಯಾಕೊ ಅಂತ ಒಂದು ಪುಟ್ಟ ಕಾಯಿಲ್ ಇದೆ. ಮೋಟಾರ್ ತಿರುಗಿದಷ್ಟೂ ಅದರಿಂದ ಪಲ್ಸ್ ಬರುತ್ತದೆ. ಕಂಟ್ರೋಲರ್ ಅದನ್ನು ಎಣಿಸಿ ವೇಗ ತಿಳಿಯುತ್ತದೆ. ಒದ್ದೆ ಬೆಡ್‌ಶೀಟಿನ ಭಾರಕ್ಕೆ ವೇಗ ತಗ್ಗಿದರೆ ಪಲ್ಸಿಗೆ ಮುಂಚೆ ಕಾಯುವ ಹೊತ್ತು 7 ಮಿಲಿಸೆಕೆಂಡ್ ಇದ್ದದ್ದನ್ನು 6.8 ಮಾಡುತ್ತದೆ.

ಲ್ಯಾಪ್‌ಟಾಪಿನ ಪ್ರೊಸೆಸರ್ ಇದಕ್ಕಿಂತ ಎಷ್ಟೋ ಪಟ್ಟು ವೇಗದ್ದು, ನಿಜ. ಆದರೆ ಅದು ಹತ್ತಾರು ಕೆಲಸಗಳನ್ನು ಸರದಿ ಮೇಲೆ ನೋಡಿಕೊಳ್ಳುತ್ತಿರುತ್ತದೆ. ಪರದೆ ಮೇಲೆ ಏನೋ ಒಂದು 2 ಮಿಲಿಸೆಕೆಂಡ್ ತಡವಾಗಿ ಬಂದರೆ ನಮಗೆ ಗೊತ್ತೇ ಆಗುವುದಿಲ್ಲ. ಟ್ರಯಾಕಿನ ಪಲ್ಸ್ ಅಷ್ಟು ತಡವಾದರೆ ಮೋಟಾರ್ ಜರ್ಕ್ ಹೊಡೆಯುತ್ತದೆ. ಮೇಲಿಂದ ಅದಕ್ಕೆ ಬೇರೆ ರ್‍ಯಾಮ್, ಶಾಖ ತೆಗೆಯುವ ವ್ಯವಸ್ಥೆ, ಆಪರೇಟಿಂಗ್ ಸಿಸ್ಟಮ್ ಎಲ್ಲ ಬೇಕು.

ನಮ್ಮ ಕಾರವಾರದ ಮಳೆಗಾಲ ಗೊತ್ತಲ್ಲ, ಗಾಳಿ ಬೀಸಿದರೆ ಕರೆಂಟ್ ಹೋಗಿ ಬಂದು ಆಟ ಆಡಿಸುತ್ತದೆ. ವೋಲ್ಟೇಜ್ ಅರೆಬರೆ ಇದ್ದಾಗ ಚಿಪ್ ತಪ್ಪು ಲೆಕ್ಕ ಮಾಡಿ ನೀರಿನ ವಾಲ್ವ್ ತೆರೆದರೆ ಕಷ್ಟ. ಅದಕ್ಕೇ ಕಂಟ್ರೋಲರಿನೊಳಗೆ ವೋಲ್ಟೇಜ್ ನೋಡುವ ಸರ್ಕ್ಯೂಟ್ ಇರುತ್ತದೆ. ಮಿತಿಗಿಂತ ಕೆಳಗಿಳಿದರೆ ಅದು ಚಿಪ್ಪನ್ನು ರೀಸೆಟ್‌ನಲ್ಲೇ ಹಿಡಿದಿಡುತ್ತದೆ. ಪ್ರೋಗ್ರಾಮ್ ಎಲ್ಲೋ ಸಿಕ್ಕಿಕೊಂಡರೆ ಎಬ್ಬಿಸಲು ವಾಚ್‌ಡಾಗ್ ಟೈಮರ್ ಬೇರೆ.

ಇದನ್ನೆಲ್ಲ ಹೇಳುವುದಕ್ಕೆ ಇನ್ನೊಂದು ಕಾರಣ ಇದೆ. ಮಷಿನ್ ಆನ್ ಮಾಡಿದ ಕೂಡಲೇ ಡ್ರಮ್ ಒಮ್ಮೆ ಜೋರಾಗಿ ತಿರುಗಿ, ರಿಲೇ ಟಕ್ ಅಂದು, ಎರರ್ ತೋರಿಸಿ ನಿಂತರೆ ಎಲ್ಲರೂ "ಐಸಿ ಹೋಯ್ತು" ಅಂತಾರೆ. ಹೆಚ್ಚಾಗಿ ಹೋಗಿರುವುದು ಟ್ರಯಾಕ್. ಅದು ಶಾರ್ಟ್ ಆದರೆ ಪಲ್ಸ್ ಇಲ್ಲದೆಯೇ ಮೋಟಾರಿಗೆ ಪೂರ್ತಿ ಕರೆಂಟ್ ಹೋಗುತ್ತದೆ. ಟ್ಯಾಕೊ ನೋಡಿ ಕಂಟ್ರೋಲರ್ ಅದನ್ನು ಹಿಡಿದು ರಿಲೇ ಬಿಡಿಸಿ ಮೋಟಾರಿನ ಕರೆಂಟ್ ಕಡಿಯುತ್ತದೆ. ಅಂದರೆ ಐಸಿ ಸರಿಯಾಗಿಯೇ ಕೆಲಸ ಮಾಡುತ್ತಿದೆ! ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು, ಮೋಟಾರಿನ ಕನೆಕ್ಟರ್ ಬಿಚ್ಚಿ ಟ್ರಯಾಕಿನ ಎರಡು ಮುಖ್ಯ ಕಾಲುಗಳ ನಡುವೆ ಮೀಟರ್ ಇಡಿ. ಸೊನ್ನೆ ಓಮಿನ ಹತ್ತಿರ ತೋರಿಸಿದರೆ ಬದಲಿಸಬೇಕಾದ್ದು ಅದನ್ನೇ. ವೇಗ ಏರುಪೇರಾಗುತ್ತಿದ್ದರೆ ಟ್ಯಾಕೊ ಕನೆಕ್ಟರನ್ನೂ ನೋಡಿ. ಕಡಲ ಉಪ್ಪುಗಾಳಿಗೆ ಅದರ ಪಿನ್ನುಗಳಲ್ಲಿ ಹಸಿರು ಕಿಲುಬು ಕಟ್ಟುತ್ತದೆ.

ಕಂಟ್ರೋಲರೇ ಸತ್ತಿದ್ದರೆ ಮಾತ್ರ ದಾರಿ ಕಷ್ಟ. ಅದೇ ನಂಬರಿನ ಖಾಲಿ ಚಿಪ್ ಸಿಗಬಹುದು, ಬೆಸುಗೆ ಹಾಕಲೂಬಹುದು. ಆದರೆ ಮಷಿನ್ನಿನ ಪ್ರೋಗ್ರಾಮ್ ಇದ್ದದ್ದು ಸತ್ತ ಚಿಪ್ಪಿನೊಳಗೆ, ಮತ್ತೆ ಅದನ್ನು ಬೇರೆಯವರು ಓದದಂತೆ ಸಾಮಾನ್ಯವಾಗಿ ತಯಾರಕರು ಬೀಗ ಹಾಕಿರುತ್ತಾರೆ. ಹಾಗಾಗಿ ಸಣ್ಣ ಚಿಪ್ ಹೋದರೂ ಇಡೀ ಬೋರ್ಡನ್ನೇ ತರಿಸಬೇಕಾಗುತ್ತದೆ.